ಧರ್ಮದ ಹೆಸರಲ್ಲಿ ಮತ ಕೇಳಿದರೆ ಶಾಸಕ ಸ್ಥಾನ ಹೋಗುವುದು ಯಾವಾಗ?

ಚುನಾವಣೆ ಬಂದಾಗ ಎಲ್ಲ ಸಮಾಜಗಳಲ್ಲೂ ಒಂದು ಮಾತು ಕೇಳಿಬರುತ್ತದೆ: "ಇವರು ನಮ್ಮ ಧರ್ಮದವರು, ಇವರಿಗೇ ಮತ ಹಾಕಿ." ಹೇಳುವವರು ಅಭಿಮಾನದಿಂದ ಹೇಳಿರಬಹುದು. ಆದರೆ ಇದೇ ಮಾತು ಗೆದ್ದ ಅಭ್ಯರ್ಥಿಯ ಸ್ಥಾನವನ್ನು ಕಳೆಯಬಲ್ಲದು.

1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದ ಮೇಲೆ ಮತ ಹಾಕಿ ಎಂದಾಗಲಿ, ಹಾಕಬೇಡಿ ಎಂದಾಗಲಿ ಕೇಳುವುದು 'ಭ್ರಷ್ಟ ಆಚರಣೆ'. ಮತಕ್ಕಾಗಿ ಧಾರ್ಮಿಕ ಚಿಹ್ನೆ ಬಳಸುವುದೂ ಇದರಲ್ಲಿ ಸೇರಿದೆ. ಮೊದಲು ಇಂಥ ಮನವಿ 'ವ್ಯವಸ್ಥಿತವಾಗಿ' ನಡೆದಿರಬೇಕು ಎಂಬ ಮಾತು ಕಾಯ್ದೆಯಲ್ಲಿತ್ತು. 1961ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದರು. ಹಾಗಾಗಿ ಈಗ ಒಂದೇ ಭಾಷಣವೂ ಸಾಕು.

ಇದಕ್ಕೆ ಪ್ರಸಿದ್ಧ ಉದಾಹರಣೆ ಮುಂಬಯಿಯ ವಿಲೆಪಾರ್ಲೆ ಕ್ಷೇತ್ರದ್ದು. 1987ರ ಡಿಸೆಂಬರ್‌ನಲ್ಲಿ ಅಲ್ಲಿ ನಡೆದ ವಿಧಾನಸಭಾ ಉಪಚುನಾವಣೆಯಲ್ಲಿ ಶಿವಸೇನೆ ಬೆಂಬಲಿತ ಡಾ. ರಮೇಶ ಪ್ರಭು ಗೆದ್ದರು. ಸೋತ ಕಾಂಗ್ರೆಸ್ ಅಭ್ಯರ್ಥಿ ಪ್ರಭಾಕರ ಕುಂಟೆ ಅವರು ಬಾಂಬೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರು. ಪ್ರಚಾರದಲ್ಲಿ ಬಾಳಾ ಠಾಕ್ರೆ ಮಾಡಿದ ಮೂರು ಭಾಷಣಗಳೇ ಅರ್ಜಿಯ ತಿರುಳು. ಅಭ್ಯರ್ಥಿ ಹಿಂದೂ ಎಂಬ ಕಾರಣಕ್ಕೆ ಮತ ಕೇಳಲಾಯಿತು ಎಂಬುದು ಆರೋಪ. 1989ರಲ್ಲಿ ಹೈಕೋರ್ಟ್ ಚುನಾವಣೆಯನ್ನು ಅಸಿಂಧುಗೊಳಿಸಿತು. 1995ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ, ಭಾಷಣ ಮಾಡಿದವರು ಅಭ್ಯರ್ಥಿಯಲ್ಲ. ಬೇರೆಯವರ ಮಾತಿಗೆ ಅಭ್ಯರ್ಥಿ ಹೊಣೆಯಾಗುವುದು ಅವರ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆ ಇದ್ದಾಗ. ಒಪ್ಪಿಗೆ ಬರಹದಲ್ಲೇ ಇರಬೇಕೆಂದಿಲ್ಲ. ಪಕ್ಷದ ಹಿರಿಯ ನಾಯಕ ಅಭ್ಯರ್ಥಿಗಾಗಿ ಮಾತನಾಡುವುದು, ಅಭ್ಯರ್ಥಿ ಅಲ್ಲೇ ಇದ್ದೂ ತಡೆಯದಿರುವುದು, ಇಂಥ ಸಂದರ್ಭಗಳಿಂದಲೂ ಕೋರ್ಟ್ ಒಪ್ಪಿಗೆಯನ್ನು ಗುರುತಿಸಬಹುದು. ಒಪ್ಪಿಗೆ ಸಾಬೀತಾದರೆ ಫಲಿತಾಂಶದ ಮೇಲೆ ಪರಿಣಾಮವಾಯಿತೇ ಎಂದು ನೋಡುವ ಅಗತ್ಯವೂ ಇಲ್ಲ. ಎಷ್ಟೇ ಅಂತರದಿಂದ ಗೆದ್ದಿದ್ದರೂ ಸ್ಥಾನ ಹೋಗುತ್ತದೆ.

ಅದೇ ದಿನ ಸುಪ್ರೀಂ ಕೋರ್ಟ್ ಮನೋಹರ ಜೋಶಿ ಅವರ ಪ್ರಕರಣದಲ್ಲಿ ಬೇರೆಯ ತೀರ್ಪು ಕೊಟ್ಟಿತು. ಮೊದಲ ಹಿಂದೂ ರಾಜ್ಯ ಮಹಾರಾಷ್ಟ್ರದಲ್ಲಿ ಸ್ಥಾಪನೆಯಾಗುತ್ತದೆ ಎಂದು ಅವರು 1990ರ ಪ್ರಚಾರದಲ್ಲಿ ಹೇಳಿದ್ದರು. ಹೈಕೋರ್ಟ್ ಅವರ ಚುನಾವಣೆಯನ್ನೂ ರದ್ದುಪಡಿಸಿತ್ತು. ಆ ಮಾತು ಎಷ್ಟೇ ಖಂಡನೀಯವಾದರೂ ಅದು ಆಶಯವೊಂದನ್ನು ಹೇಳಿದ್ದಷ್ಟೇ, ಧರ್ಮದ ಆಧಾರದಲ್ಲಿ ಮತ ಕೇಳಿದ್ದಲ್ಲ ಎಂದು ಸುಪ್ರೀಂ ಕೋರ್ಟ್ ಜೋಶಿ ಅವರ ಪರ ತೀರ್ಪು ನೀಡಿತು. ಅಂದರೆ ಧರ್ಮದ ಪ್ರಸ್ತಾಪವೇ ತಪ್ಪಲ್ಲ. ಧರ್ಮವನ್ನು ಮತಕ್ಕೆ ಕಾರಣವಾಗಿ ಮುಂದಿಡುವುದು ತಪ್ಪು.

ಮತ್ತೊಂದು ಪ್ರಶ್ನೆ ಉಳಿದಿತ್ತು. ಕಾಯ್ದೆ 'ಅವನ ಧರ್ಮ' ಎನ್ನುತ್ತದೆ. ಅದು ಯಾರ ಧರ್ಮ? ಅಭ್ಯರ್ಥಿಯದೋ, ಮತದಾರನದೋ? 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ಉತ್ತರಿಸಿತು: ಮತದಾರನ ಧರ್ಮವೂ ಇದರಲ್ಲಿ ಸೇರುತ್ತದೆ. ಹಾಗಾಗಿ "ನಮ್ಮ ಅಭ್ಯರ್ಥಿ ಜೈನರು, ಮತ ಕೊಡಿ" ಎನ್ನುವುದಷ್ಟೇ ಅಲ್ಲ, "ನೀವು ಜೈನರು, ಅದಕ್ಕಾಗಿ ಇವರಿಗೆ ಮತ ಕೊಡಿ" ಎನ್ನುವುದೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಭ್ಯರ್ಥಿ ಯಾವ ಧರ್ಮದವರಾದರೂ ಸರಿ.

ತಕರಾರು ಅರ್ಜಿಯನ್ನು ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಫಲಿತಾಂಶ ಘೋಷಣೆಯಾದ ದಿನದಿಂದ 45 ದಿನಗಳೊಳಗೆ ರಾಜ್ಯದ ಹೈಕೋರ್ಟಿಗೆ ಸಲ್ಲಿಸಬೇಕು. 2,000 ರೂಪಾಯಿ ಠೇವಣಿ ಕಟ್ಟಬೇಕು. ಯಾರು, ಯಾವ ದಿನ, ಎಲ್ಲಿ, ಏನು ಹೇಳಿದರು, ಅಭ್ಯರ್ಥಿಯ ಒಪ್ಪಿಗೆ ಹೇಗಿತ್ತು ಎಂಬುದನ್ನು ಸ್ಪಷ್ಟವಾಗಿ ಬರೆದು, ಭ್ರಷ್ಟ ಆಚರಣೆಯ ಆರೋಪಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರ ಲಗತ್ತಿಸಬೇಕು. "ಜಾತಿ-ಧರ್ಮದ ಮೇಲೆ ಪ್ರಚಾರ ಮಾಡಿದರು" ಎಂದು ಮೋಘಂ ಆಗಿ ಬರೆದ ಆರೋಪ ನಿಲ್ಲುವುದಿಲ್ಲ. ಕ್ರಿಮಿನಲ್ ಆರೋಪದಷ್ಟೇ ಗಟ್ಟಿ ಪುರಾವೆಯನ್ನು ಕೋರ್ಟ್ ಕೇಳುತ್ತದೆ.

ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಿಲೆಪಾರ್ಲೆ ಪ್ರಕರಣದ ಅಂತಿಮ ತೀರ್ಪು ಬಂದದ್ದು ಎಂಟು ವರ್ಷಗಳ ನಂತರ, ಆ ವಿಧಾನಸಭೆಯ ಅವಧಿಯೇ ಮುಗಿದ ಮೇಲೆ. ಆದರೂ ತೀರ್ಪು ವ್ಯರ್ಥವಾಗಲಿಲ್ಲ. ಭ್ರಷ್ಟ ಆಚರಣೆ ಸಾಬೀತಾದವರನ್ನು ಆರು ವರ್ಷಗಳವರೆಗೆ ಅನರ್ಹಗೊಳಿಸಬಹುದು. ಕೋರ್ಟ್ ಹೆಸರಿಸಿದ ಭಾಷಣಕಾರರಿಗೂ ಇದು ಅನ್ವಯಿಸುತ್ತದೆ. ಠಾಕ್ರೆ ಅವರು ಆರು ವರ್ಷ ಮತದಾನದ ಹಕ್ಕನ್ನೇ ಕಳೆದುಕೊಂಡರು. ಸಭೆಯಲ್ಲಿ ಮೈಕ್ ಹಿಡಿಯುವ ಸಮಾಜದ ಮುಖಂಡರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.