ಇಟಿಎ, ಇಟಿಡಿ: ಯಾವ ಬಂದರಿನ ಲೆಕ್ಕ?

ಇಟಿಎ ಎಂದರೆ ಎಸ್ಟಿಮೇಟೆಡ್ ಟೈಮ್ ಆಫ್ ಅರೈವಲ್, ಹಡಗೋ ವಿಮಾನವೋ ತಲುಪಬಹುದಾದ ಅಂದಾಜು ಸಮಯ. ಇಟಿಡಿಯಲ್ಲಿನ ಡಿ ಅಕ್ಷರ ಡಿಪಾರ್ಚರ್ ಅನ್ನು, ಅಂದರೆ ಹೊರಡುವುದನ್ನು ಸೂಚಿಸುತ್ತದೆ. ಇವೆರಡೂ ಅಂದಾಜುಗಳು ಮಾತ್ರ. ಹಡಗು ನಿಜಕ್ಕೂ ತಲುಪಿದ ಸಮಯಕ್ಕೆ ಎಟಿಎ, ಹೊರಟ ಸಮಯಕ್ಕೆ ಎಟಿಡಿ ಎಂದು ಬರೆಯುತ್ತಾರೆ.

ಗೊಂದಲ ಹುಟ್ಟುವುದು ಹೆಚ್ಚಾಗಿ ಬಂದರಿನ ಹೆಸರಿಲ್ಲದೆ ಈ ಅಕ್ಷರಗಳನ್ನು ಓದಿದಾಗ. ಹಡಗು ದಾರಿಯಲ್ಲಿ ಮುಟ್ಟುವ ಪ್ರತಿ ಬಂದರಿಗೂ ಒಂದು ಇಟಿಎ, ಒಂದು ಇಟಿಡಿ ಇರುತ್ತದೆ. ನವಮಂಗಳೂರು ಬಂದರಿನಿಂದ ಕೊಲಂಬೊ ಮೂಲಕ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗುವ ಒಂದು ಕಾಫಿ ಕಂಟೇನರನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ವೇಳಾಪಟ್ಟಿಯಲ್ಲಿ ನವಮಂಗಳೂರಿಗೆ ಇಟಿಎ ಜೂನ್ 10, ಇಟಿಡಿ ಜೂನ್ 11 ಎಂದಿದೆ. ಇಲ್ಲಿನ ಇಟಿಎ ಕಾಫಿ ತಲುಪುವ ದಿನವಲ್ಲ, ಅದನ್ನು ಒಯ್ಯಲು ಖಾಲಿ ಜಾಗವಿರುವ ಹಡಗು ಬರುವ ದಿನ. ಇಟಿಡಿ 11 ಎಂದು ನೋಡಿ ಅಂದು ಬೆಳಿಗ್ಗೆ ಕಂಟೇನರ್ ತಂದವರಿಗೆ ಬಂದರಿನ ಗೇಟಿನೊಳಗೆ ಜಾಗ ಸಿಗುವುದಿಲ್ಲ. ಕಂಟೇನರ್ ಒಳಸೇರಲು ಕಟ್-ಆಫ್ ಎಂಬ ಬೇರೆಯೇ ಗಡುವು ಇರುತ್ತದೆ, ಅದು ಇಟಿಡಿಗಿಂತ ಮೊದಲೇ ಮುಗಿಯುತ್ತದೆ.

ಇದೇ ಹಡಗು ಜೂನ್ 13ಕ್ಕೆ ಕೊಲಂಬೊ ಮುಟ್ಟಬೇಕು. ಅಲ್ಲಿ ಕಂಟೇನರನ್ನು ಇಳಿಸಿ ಜೂನ್ 18ಕ್ಕೆ ಹೊರಡುವ ದೊಡ್ಡ ಹಡಗಿಗೆ ಏರಿಸುತ್ತಾರೆ. ಹ್ಯಾಂಬರ್ಗ್‌ನ ಇಟಿಎ ಜುಲೈ 20 ಎಂದಿರಲಿ. ಮಂಗಳೂರಿನಿಂದ ಹೊರಡುವುದು ಎರಡು ದಿನ ತಡವಾದರೂ ಕಾಫಿ 15ಕ್ಕೆ ಕೊಲಂಬೊದಲ್ಲಿರುತ್ತದೆ, ಜುಲೈ 20 ಬದಲಾಗದೆ ಉಳಿಯುತ್ತದೆ. ಐದು ದಿನ ತಡವಾದರೆ ದೊಡ್ಡ ಹಡಗು ಕೈತಪ್ಪಬಹುದು. ಮುಂದಿನ ಹಡಗು ವಾರದ ನಂತರವೇ ಇದ್ದರೆ ಹ್ಯಾಂಬರ್ಗ್‌ನ ಇಟಿಎ ಜುಲೈ 27ಕ್ಕೆ ಜಾರುತ್ತದೆ. ಹಾಗಾಗಿ ಇಟಿಡಿ ಎಷ್ಟು ದಿನ ಮುಂದೆ ಹೋಯಿತೋ ಅಷ್ಟನ್ನೇ ಕೊನೆಯ ಇಟಿಎಗೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಎಡವಟ್ಟು ಡಿ ಅಕ್ಷರದ್ದೇ. ಕೆಲವರು ಅದನ್ನು ಡೆಲಿವರಿ ಎಂಬರ್ಥದಲ್ಲೂ ಬಳಸುತ್ತಾರೆ. ಕೊಳ್ಳುವವರು ಸರಕು ತಮ್ಮ ಗೋದಾಮು ಸೇರುವ ದಿನವನ್ನು ಕೇಳಲು ‘ಇಟಿಡಿ ತಿಳಿಸಿ’ ಎಂದು ಬರೆದರೆ, ಮಾರುವವರು ಜೂನ್ 11 ಎಂದು ಉತ್ತರಿಸುತ್ತಾರೆ. ಇಬ್ಬರ ಮನಸ್ಸಿನಲ್ಲಿರುವ ದಿನಗಳ ನಡುವೆ ತಿಂಗಳಿಗೂ ಹೆಚ್ಚು ಅಂತರವಿರುತ್ತದೆ. ಹ್ಯಾಂಬರ್ಗ್‌ನ ಇಟಿಎ ಕೂಡ ಗೋದಾಮಿನ ದಿನವಲ್ಲ. ಹಡಗಿನಿಂದ ಇಳಿಸುವುದು, ಕಸ್ಟಮ್ಸ್ ತಪಾಸಣೆ, ಲಾರಿ ಸಾಗಣೆ ಅದರ ಮೇಲೆ ಬರುತ್ತವೆ.

ವೇಳಾಪಟ್ಟಿಗಳಲ್ಲಿ ಸಾಮಾನ್ಯವಾಗಿ ಆಯಾ ಊರಿನ ಗಡಿಯಾರದ ಸಮಯವನ್ನೇ ಕೊಡುತ್ತಾರೆ. ಜುಲೈನಲ್ಲಿ ಹ್ಯಾಂಬರ್ಗ್ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಆದ್ದರಿಂದ ಇಟಿಎಯಿಂದ ಇಟಿಡಿಯನ್ನು ಕಳೆದು ಪ್ರಯಾಣದ ಅವಧಿ ತಿಳಿಯಹೊರಟರೆ ಈ ವ್ಯತ್ಯಾಸವನ್ನೂ ಸೇರಿಸಬೇಕು. ಹಡಗಿನ ತಿಂಗಳ ಯಾನದಲ್ಲಿ ಅದು ಲೆಕ್ಕಕ್ಕೆ ಬಾರದಿದ್ದರೂ, ವಿಮಾನದ ಹತ್ತು ಗಂಟೆಯ ಪ್ರಯಾಣದಲ್ಲಿ ಎದ್ದು ಕಾಣುತ್ತದೆ.

‘ಇಟಿಡಿ ನವಮಂಗಳೂರು, ಜೂನ್ 11’, ‘ಇಟಿಎ ಹ್ಯಾಂಬರ್ಗ್, ಜುಲೈ 20’ ಎಂದು ಊರನ್ನು ಜೊತೆಗೇ ಬರೆದು, ಗೋದಾಮು ಸೇರುವ ದಿನವನ್ನು ಬಿಡಿಸಿ ಹೇಳಿದರೆ ಈ ತಪ್ಪುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.