ಬಡ್ಡಿ ಏರಿಸಿದರೆ ಬೆಲೆಯೂ ಏರಿದ್ದೇಕೆ?

2022ರ ಮೇ 4ರಂದು ರಿಸರ್ವ್ ಬ್ಯಾಂಕ್ ನಿಗದಿತ ಸಭೆಗೆ ಕಾಯದೆ ರೆಪೊ ದರವನ್ನು ಶೇ 4ರಿಂದ ಶೇ 4.40ಕ್ಕೆ ಏರಿಸಿತು. ಮಾರುಕಟ್ಟೆ ಬೆಚ್ಚಿಬಿದ್ದಿತು. ಜೂನ್ 8ರಂದು ದರ ಶೇ 4.90 ಆಯಿತು. ಈ ಏರಿಕೆ ಇನ್ನೂ ದೊಡ್ಡದು. ಆದರೆ ದರ ಮತ್ತೆ ಏರುವುದು ಖಚಿತ ಎಂಬ ಸುಳಿವನ್ನು ಗವರ್ನರ್ ಶಕ್ತಿಕಾಂತ ದಾಸ್ ಮೇ ತಿಂಗಳಲ್ಲೇ ಕೊಟ್ಟಿದ್ದರು. ಯಾರೂ ಎಣಿಸಿರದ ಭಾಗವನ್ನಷ್ಟೇ ಅರ್ಥಶಾಸ್ತ್ರಜ್ಞರು ‘ಹಣಕಾಸು ನೀತಿಯ ಆಘಾತ’ ಎನ್ನುತ್ತಾರೆ.

ಆ ಭಾಗವನ್ನೇ ಬೇರ್ಪಡಿಸಬೇಕಾದ ಕಾರಣ ಸರಳ. ಬಡ್ಡಿ ಬೆಲೆಗಳನ್ನು ತಗ್ಗಿಸುತ್ತದೆ ನಿಜ, ಆದರೆ ಬೆಲೆ ಏರಿದ್ದಕ್ಕೇ ಬ್ಯಾಂಕು ಬಡ್ಡಿಯನ್ನು ಏರಿಸಿರುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ತಿಳಿಯುವುದಿಲ್ಲ. ಅಮೆರಿಕದ ಕ್ರಿಸ್ಟೋಫರ್ ಸಿಮ್ಸ್ 1980ರಲ್ಲಿ ಇದಕ್ಕೆ ವೆಕ್ಟರ್ ಆಟೋರಿಗ್ರೆಷನ್ ಎಂಬ ದಾರಿ ತೋರಿಸಿದರು. 2011ರಲ್ಲಿ ಥಾಮಸ್ ಸಾರ್ಜೆಂಟ್ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಜೇಮ್ಸ್ ಸ್ಟಾಕ್ ಮತ್ತು ಮಾರ್ಕ್ ವ್ಯಾಟ್ಸನ್ 2001ರಲ್ಲಿ ಈ ವಿಧಾನವನ್ನು ವಿವರಿಸಲು ಅಮೆರಿಕದ ಮೂರೇ ಸರಣಿಗಳನ್ನು ತೆಗೆದುಕೊಂಡರು: ಹಣದುಬ್ಬರ, ನಿರುದ್ಯೋಗ ಮತ್ತು ಫೆಡರಲ್ ಫಂಡ್ಸ್ ಬಡ್ಡಿದರ. ಮೂರಕ್ಕೂ ಒಂದೊಂದು ಸಮೀಕರಣ. ಪ್ರತಿ ಸಮೀಕರಣದಲ್ಲೂ ಮೂರೂ ಸರಣಿಗಳ ಹಿಂದಿನ ನಾಲ್ಕು ತ್ರೈಮಾಸಿಕಗಳ ಅಂಕಿಗಳು, ಅಂದರೆ ಹನ್ನೆರಡು ಗುಣಾಂಕ ಮತ್ತು ಒಂದು ಸ್ಥಿರಾಂಕ. ಬಡ್ಡಿಯ ಸಮೀಕರಣ ಊಹಿಸಿದ ದರಕ್ಕೂ ನಿಜವಾದ ದರಕ್ಕೂ ಇರುವ ವ್ಯತ್ಯಾಸವೇ ಆಘಾತದ ಕಚ್ಚಾ ರೂಪ. ಅದನ್ನು ಶುದ್ಧ ಮಾಡಲು ಇನ್ನೊಂದು ನಂಬಿಕೆ ಬೇಕು: ಈ ತ್ರೈಮಾಸಿಕದ ಬೆಲೆ, ನಿರುದ್ಯೋಗಗಳನ್ನು ನೋಡಿ ಬ್ಯಾಂಕು ದರ ನಿಗದಿ ಮಾಡಬಹುದು, ಆದರೆ ಆ ದರದ ಬಿಸಿ ಅವಕ್ಕೆ ತಟ್ಟುವುದು ಮುಂದಿನ ತ್ರೈಮಾಸಿಕದಲ್ಲಿ. ಇದನ್ನು ಅಂಕಿಗಳು ಹೇಳುವುದಿಲ್ಲ, ಸಂಶೋಧಕರೇ ಹೇಳಬೇಕು. ಇಡೀ ವಿಧಾನದ ಅತ್ಯಂತ ಸೂಕ್ಷ್ಮ ಜಾಗ ಇದೇ.

ಆಮೇಲಿನದು ಲೆಕ್ಕ. ಕಲ್ಪಿತ ಅಂಕಿಗಳಲ್ಲಿ ಮಾಡಿ ನೋಡಬಹುದು. ಬಡ್ಡಿಯ ಏರಿಕೆಯಲ್ಲಿ ಶೇ 80ರಷ್ಟು ಮುಂದಿನ ತ್ರೈಮಾಸಿಕಕ್ಕೆ ಉಳಿಯುತ್ತದೆ. ನಿರುದ್ಯೋಗದ ಏರಿಕೆಯಲ್ಲಿ ಶೇ 90ರಷ್ಟು ಉಳಿದು, ಹಿಂದಿನ ತ್ರೈಮಾಸಿಕದ ಬಡ್ಡಿ ಏರಿಕೆಯ ಹತ್ತನೇ ಒಂದು ಭಾಗ ಅದಕ್ಕೆ ಸೇರುತ್ತದೆ ಎನ್ನಿ. ಬಡ್ಡಿಯನ್ನು ಒಂದೇ ಒಂದು ಸಲ 1 ಅಂಶ ಏರಿಸಿ, ಬೇರೇನನ್ನೂ ಮುಟ್ಟದೆ ಬಿಡಬೇಕು. ನಿರುದ್ಯೋಗ ಮೊದಲು 0, ನಂತರ 0.10, 0.17, 0.22, 0.25, 0.26, ಆರನೆಯ ತ್ರೈಮಾಸಿಕದಲ್ಲಿ ಸುಮಾರು 0.27. ಅಲ್ಲಿಂದ ಇಳಿಮುಖ. ಬಡ್ಡಿ ಅಷ್ಟರಲ್ಲಿ ಕಾಲುಭಾಗಕ್ಕೆ ಇಳಿದಿರುತ್ತದೆ, ಆದರೂ ಅದರ ಹೊಡೆತ ಗರಿಷ್ಠವಾಗುವುದು ಒಂದೂವರೆ ವರ್ಷದ ಬಳಿಕ. ಈ ಸಾಲನ್ನು ಗೆರೆಯಾಗಿ ಎಳೆದರೆ ಅದೇ ‘ಇಂಪಲ್ಸ್ ರೆಸ್ಪಾನ್ಸ್’. ನಿಜವಾದ ಅಧ್ಯಯನದಲ್ಲಿ ಗೆರೆಯ ಮೇಲೂ ಕೆಳಗೂ ಅನಿಶ್ಚಿತತೆಯ ಪಟ್ಟಿ ಇರುತ್ತದೆ. ಆ ಪಟ್ಟಿ ಸೊನ್ನೆಯನ್ನು ಒಳಗೊಂಡಿದ್ದರೆ, ಅಲ್ಲಿ ಪರಿಣಾಮ ಇದೆ ಎಂದು ಖಚಿತವಾಗಿ ಹೇಳುವಂತಿಲ್ಲ.

ವಿಧಾನ ಎಡವಿದ್ದು ಬೆಲೆಗಳ ಗೆರೆಯಲ್ಲಿ. ಸಿಮ್ಸ್ 1992ರಲ್ಲಿ ಅಮೆರಿಕ, ಜಪಾನ್, ಫ್ರಾನ್ಸ್ ಮುಂತಾದ ದೇಶಗಳ ಅಂಕಿಗಳನ್ನು ಹೀಗೆ ಪರಿಶೀಲಿಸಿದಾಗ, ಬಡ್ಡಿಯ ಆಘಾತದ ನಂತರ ಬೆಲೆಗಳು ಇಳಿಯುವ ಬದಲು ಏರುವುದು ಕಂಡಿತು. ಮಾರ್ಟಿನ್ ಐಕನ್‌ಬಾಮ್ ಇದನ್ನು ‘ಬೆಲೆಯ ಒಗಟು’ ಎಂದು ಕರೆದರು. ಸಿಮ್ಸ್ ಕೊಟ್ಟ ಉತ್ತರ ಹೀಗಿತ್ತು: ಬೆಲೆ ಏರಲಿದೆ ಎಂಬ ಮುನ್ಸೂಚನೆ ಬ್ಯಾಂಕಿನ ಅಧಿಕಾರಿಗಳಿಗೆ ಸಿಕ್ಕಿರುತ್ತದೆ, ಸಮೀಕರಣಕ್ಕೆ ಸಿಕ್ಕಿರುವುದಿಲ್ಲ. ಅಧಿಕಾರಿಗಳು ಮುಂದಾಲೋಚಿಸಿ ಮಾಡಿದ ಏರಿಕೆಯನ್ನು ಸಮೀಕರಣ ಆಘಾತ ಎಂದು ಎಣಿಸುತ್ತದೆ; ಹೇಗಿದ್ದರೂ ಬರಲಿದ್ದ ಬೆಲೆಯೇರಿಕೆಯನ್ನು ಆ ಬಡ್ಡಿಯ ತಲೆಗೆ ಕಟ್ಟುತ್ತದೆ. ಕಚ್ಚಾ ಸರಕುಗಳ ಬೆಲೆ ಸೂಚ್ಯಂಕವನ್ನೂ ಲೆಕ್ಕಕ್ಕೆ ಸೇರಿಸಿದಾಗ ಒಗಟು ಬಹುಮಟ್ಟಿಗೆ ತಗ್ಗಿತು, ಏಕೆಂದರೆ ಆ ಬೆಲೆಗಳು ಮುಂದಿನ ಹಣದುಬ್ಬರವನ್ನು ಮೊದಲೇ ಸೂಚಿಸುತ್ತವೆ. ಆದರೆ 1979ಕ್ಕಿಂತ ಹಿಂದಿನ ಅಮೆರಿಕದ ಅಂಕಿಗಳಲ್ಲಿ ಅದು ಹಾಗೆ ಸುಲಭಕ್ಕೆ ಜಗ್ಗಲಿಲ್ಲ ಎಂದು ಮೈಕೆಲ್ ಹ್ಯಾನ್ಸನ್ 2004ರಲ್ಲಿ ತೋರಿಸಿದರು.

ಹಾಗಾಗಿ ಆಘಾತವನ್ನು ಸಮೀಕರಣದ ಹೊರಗೆ ಹುಡುಕುವ ಯತ್ನ ನಡೆಯಿತು. ಮಾರ್ಕ್ ಗರ್ಟ್ಲರ್ ಮತ್ತು ಪೀಟರ್ ಕರಾಡಿ 2015ರಲ್ಲಿ, ಫೆಡರಲ್ ರಿಸರ್ವ್ ಪ್ರಕಟಣೆಯ ಆಸುಪಾಸಿನ 30 ನಿಮಿಷಗಳಲ್ಲಿ ಬಡ್ಡಿದರದ ಫ್ಯೂಚರ್ಸ್ ಎಷ್ಟು ಅಲುಗಿತು ಎಂಬುದನ್ನು ಬಳಸಿದರು. ಮೊದಲೇ ನಿರೀಕ್ಷಿಸಿದ್ದ ಏರಿಕೆ ಪ್ರಕಟಣೆಗೆ ಮುನ್ನವೇ ಆ ದರಗಳಲ್ಲಿ ಸೇರಿಹೋಗಿರುತ್ತದೆ. ಜೂನ್ 8ರಂತಹ ನಿರ್ಧಾರ ಇಲ್ಲಿ ಮೇ 4ರಷ್ಟು ತೂಗುವುದಿಲ್ಲ.

ಇಲ್ಲೂ ಒಂದು ತೊಡಕಿದೆ. ಬ್ಯಾಂಕು ಬಡ್ಡಿ ಏರಿಸಿದಾಗ ‘ಆರ್ಥಿಕತೆ ನಾವೆಣಿಸಿದ್ದಕ್ಕಿಂತ ಗಟ್ಟಿಯಾಗಿದೆ ಎಂದು ಇವರಿಗೆ ತಿಳಿದಿರಬೇಕು’ ಎಂದು ಹೂಡಿಕೆದಾರರು ಭಾವಿಸಬಹುದು. ಮಾರೆಕ್ ಯಾರೋಚಿನ್‌ಸ್ಕಿ ಮತ್ತು ಕರಾಡಿ 2020ರಲ್ಲಿ ಇದನ್ನು ಬೇರ್ಪಡಿಸಲು ಷೇರುಪೇಟೆಯತ್ತ ನೋಡಿದರು. ಆ ಅರ್ಧ ಗಂಟೆಯಲ್ಲಿ ಬಡ್ಡಿ ಏರಿ ಷೇರು ಇಳಿದರೆ ಅದು ನೀತಿಯ ಆಘಾತ. ಬಡ್ಡಿಯ ಜೊತೆ ಷೇರೂ ಏರಿದರೆ, ಮಾರುಕಟ್ಟೆಗೆ ಮುಟ್ಟಿದ್ದು ಬ್ಯಾಂಕಿನ ಬಳಿಯಿದ್ದ ಒಳ್ಳೆಯ ಸುದ್ದಿ.