e ಎಂಬ ಸಂಖ್ಯೆ ಮತ್ತು ಸ್ವಾಭಾವಿಕ ಲಘುಗಣಕ

x ಸೊನ್ನೆಯಿದ್ದಾಗ 2ˣ ಬೆಲೆ 1. ಆಗ xಗೆ 0.001 ಕೂಡಿಸಿದರೆ ಬೆಲೆ ಸುಮಾರು 1.000693 ಆಗುತ್ತದೆ, ಅಂದರೆ ಅಲ್ಲಿ ಬೆಳವಣಿಗೆಯ ದರ ಸುಮಾರು 0.693. 3ˣಗೆ ಇದೇ ಲೆಕ್ಕ ಹಾಕಿದರೆ 1.099 ಬರುತ್ತದೆ. ಹಾಗಾದರೆ ದರ ಸರಿಯಾಗಿ 1 ಆಗುವ ಆಧಾರ ಸಂಖ್ಯೆ 2 ಮತ್ತು 3ರ ನಡುವೆ ಎಲ್ಲೋ ಇರಲೇಬೇಕು. ಅದೇ e, ಸುಮಾರು 2.71828.

ಘಾತ ಫಲನದ ದರ ಎಲ್ಲೆಡೆಯೂ ಅದರ ಆಗಿನ ಬೆಲೆಯನ್ನು ಸೊನ್ನೆಯಲ್ಲಿನ ದರದಿಂದ ಗುಣಿಸಿದಷ್ಟು. eˣನಲ್ಲಿ ಆ ಗುಣಕ 1 ಆದ್ದರಿಂದ ದರವೂ ಬೆಲೆಯೂ ಒಂದೇ. ಸಂಖ್ಯೆ ವಿಚಿತ್ರವಾಗಿ ಕಂಡರೂ ಅದರ ಗುಣ ಇಷ್ಟು ಸರಳ.

ಮೇಲಿನ 0.693 ಕೂಡ ಆಕಸ್ಮಿಕವಲ್ಲ. 2 ಸಿಗಬೇಕಾದರೆ eಗೆ ಕೊಡಬೇಕಾದ ಘಾತವೇ ಅದು, ಅಂದರೆ ln 2. ತಿರುಗಿಸಿ ನೋಡಿದರೆ ln x ಬದಲಾಗುವ ದರ 1/x. ಆಧಾರ 10 ಇರುವ ಲಘುಗಣಕದಲ್ಲಿ ಅದು ಸುಮಾರು 0.434/x. ಹತ್ತು ನಮ್ಮ ಬೆರಳೆಣಿಕೆಯಿಂದ ಬಂದ ಆಧಾರ; ಕಲನಶಾಸ್ತ್ರದಲ್ಲಿ ಅದನ್ನು ಬಳಸಿದರೆ ಪ್ರತಿ ಹೆಜ್ಜೆಯಲ್ಲೂ ಈ 0.434 ಬೆನ್ನಿಗಂಟಿಕೊಳ್ಳುತ್ತದೆ.